ಕೃದಂತ ವಿಶೇಷಣ: ನಾಮಪದಕ್ಕೆ ಮೊದಲು ನಿಲ್ಲುವ ಕ್ರಿಯೆ

ನಾಮಪದಕ್ಕೆ ಮೊದಲು ನಿಂತು, ಅದು ಯಾವುದು ಎಂದು ಗುರುತು ಹೇಳುವ ಕ್ರಿಯಾರೂಪವೇ ಕೃದಂತ ವಿಶೇಷಣ. 'ಬಂದ ಬಸ್ಸು', 'ಬರುವ ಬಸ್ಸು', 'ಬಾರದ ಬಸ್ಸು' ಎನ್ನುವಾಗ ಬಂದ, ಬರುವ, ಬಾರದ ಎಂಬ ಮೂರೂ ಇದೇ ಜಾತಿಯವು. ಶಾಲೆಯ ವ್ಯಾಕರಣ ಪುಸ್ತಕಗಳು ಇವನ್ನು ಕೃದಂತನಾಮ ಎನ್ನುತ್ತವೆ. ಕ್ರಿಯೆಯ ಬೇರಿನಿಂದ ಹುಟ್ಟಿದರೂ ಇವು ವಾಕ್ಯವನ್ನು ಮುಗಿಸುವುದಿಲ್ಲ. ಮುಂದಿನ ನಾಮಪದಕ್ಕಾಗಿ ಕಾಯುತ್ತವೆ. ವಿಜಯಪುರದ ಬಸ್ ನಿಲ್ದಾಣದಲ್ಲಿ ಒಬ್ಬರು 'ಬಬಲೇಶ್ವರಕ್ಕ ಹೋಗೂ ಗಾಡಿ ಯಾವ್ದ್ರೀ?' ಎಂದು ಕೇಳಿದರೆ, 'ಹೋಗೂ' ಎಂಬಷ್ಟಕ್ಕೇ ಕೇಳಿಸಿಕೊಂಡವರು ಉತ್ತರ ಕೊಡಲಾರರು. 'ಗಾಡಿ' ಬಂದ ಮೇಲೆಯೇ ಮಾತು ಪೂರ್ತಿ.

ವಿಜಯಪುರ ನಗರ, ಅದರ ಪಶ್ಚಿಮಕ್ಕಿರುವ ತಿಕೋಟಾ, ನೈರುತ್ಯಕ್ಕಿರುವ ಬಬಲೇಶ್ವರ, ಈ ಸೀಮೆಯ ಆಡುಮಾತನ್ನು ಎದುರಿಗಿಟ್ಟುಕೊಂಡು ಈ ರೂಪವನ್ನು ನೋಡಿದರೆ ಅದರ ಗುಣವೂ ತೊಡಕೂ ಬೇಗ ತಿಳಿಯುತ್ತವೆ. ಬರಹದ ಕನ್ನಡಕ್ಕೂ ಇಲ್ಲಿನ ಬಾಯಿಮಾತಿಗೂ ಈ ಒಂದು ರೂಪದಲ್ಲೇ ಎರಡು ಮೂರು ಕಡೆ ಅಂತರವಿದೆ. ಅರ್ಜಿ, ಪತ್ರಿಕೆಯ ವರದಿ, ಪರೀಕ್ಷೆಯ ಉತ್ತರ ಬರೆಯುವವರು ಎಡವುವುದು ಹೆಚ್ಚಾಗಿ ಅಲ್ಲಿಯೇ.

ಮೂರು ರೂಪ

ಹಿಂದೆ ನಡೆದದ್ದಕ್ಕೆ ಒಂದು, ಇನ್ನೂ ನಡೆಯುವುದಕ್ಕೂ ದಿನಾ ನಡೆಯುವುದಕ್ಕೂ ಸೇರಿ ಒಂದು, ನಡೆಯದ್ದಕ್ಕೆ ಒಂದು, ಹೀಗೆ ಮೂರು ರೂಪಗಳಿವೆ: ಮಾಡಿದ, ಮಾಡುವ, ಮಾಡದ. ಭೂತಕಾಲದ ರೂಪ ಕಟ್ಟುವುದು ಕಷ್ಟವೆಂದು ತೋರುತ್ತದೆ, ಏಕೆಂದರೆ ಕೊಡು–ಕೊಟ್ಟ, ಬೀಳು–ಬಿದ್ದ, ನಿಲ್ಲು–ನಿಂತ, ಉಣ್ಣು–ಉಂಡ ಎಂದು ಒಂದೊಂದು ಧಾತು ಒಂದೊಂದು ದಾರಿ ಹಿಡಿಯುತ್ತದೆ. ಆದರೆ ಕನ್ನಡ ಬಲ್ಲವರ ನಾಲಿಗೆಯಲ್ಲಿ ಕೊಟ್ಟು, ಬಿದ್ದು, ನಿಂತು, ಉಂಡು ಎಂಬ ಕೃದಂತಾವ್ಯಯಗಳು ಮೊದಲೇ ಇರುತ್ತವೆ. ಅವುಗಳ ಕೊನೆಯ 'ಉ' ತೆಗೆದು 'ಅ' ಹಾಕಿದರೆ ಸಾಕು. ಮಾಡಿ, ಹೇಳಿ, ಓಡಿ ಎಂಬಂತೆ 'ಇ'ಯಲ್ಲಿ ಮುಗಿದರೆ ಅದರ ಮುಂದೆ 'ದ' ಸೇರಿಸಬೇಕು: ಮಾಡಿದ, ಹೇಳಿದ, ಓಡಿದ. ಹೋಗಿ ಮತ್ತು ಆಗಿ ಎಂಬೆರಡು ಮಾತ್ರ ಈ ಕಟ್ಟಿಗೆ ಒಗ್ಗದೆ ಹೋದ, ಆದ ಎಂದಾಗುತ್ತವೆ.

'ಉವ' ರೂಪ ಒಂದೇ ಆದರೂ ಅದು ಹೊರುವ ಕಾಲ ಎರಡು. 'ನಾಳೆ ಬರುವ ಬಸ್ಸು' ಎಂದರೆ ಮುಂದಿನದು, 'ದಿನಾ ಬರುವ ಬಸ್ಸು' ಎಂದರೆ ರೂಢಿಯದು. ಈ ವ್ಯತ್ಯಾಸವನ್ನು ಕೃದಂತ ತಾನಾಗಿ ಹೇಳುವುದಿಲ್ಲ, ಪಕ್ಕದ 'ನಾಳೆ', 'ದಿನಾ' ಹೇಳುತ್ತವೆ. ನಿಷೇಧದ 'ಮಾಡದ' ರೂಪಕ್ಕಂತೂ ಕಾಲವೇ ಇಲ್ಲ. ವಿಜಯಪುರದ ಬಾರಾ ಕಮಾನು ಎರಡನೆಯ ಅಲಿ ಆದಿಲ್‌ಶಾಹನ ಗೋರಿಗಾಗಿ ಎದ್ದ ಕಟ್ಟಡ. ಅವನು 1672ರಲ್ಲಿ ತೀರಿಕೊಂಡ. ಕಟ್ಟಡ ಕಮಾನುಗಳ ಮಟ್ಟಕ್ಕೇ ನಿಂತಿತು. ಅದನ್ನು 'ಮುಗಿಯದ ಗೋರಿ' ಎನ್ನಬಹುದು. ಅಂದು ಮುಗಿಯಲಿಲ್ಲ ಎಂಬುದೂ ಇಂದಿಗೂ ಮುಗಿದಿಲ್ಲ ಎಂಬುದೂ ಇನ್ನು ಮುಗಿಯುವುದಿಲ್ಲ ಎಂಬುದೂ ಆ ಒಂದೇ ಪದದಲ್ಲಿ ಅಡಗಿವೆ. ಇಷ್ಟು ಅರ್ಥ ಬೇಡ, ಒಂದೇ ಸಾಕು ಎನ್ನುವಲ್ಲಿ 'ಮುಗಿಯದೇ ಉಳಿದ ಗೋರಿ' ಎಂದು ಇನ್ನೊಂದು ಕ್ರಿಯೆಯ ಕೈ ಹಿಡಿಯಬೇಕು.

ಕೇಶಿರಾಜ 13ನೆಯ ಶತಮಾನದ 'ಶಬ್ದಮಣಿದರ್ಪಣ'ದಲ್ಲಿ ಕೃದಂತಗಳನ್ನು ಕ್ರಿಯಾಪದಗಳ ಸಾಲಿನಲ್ಲಿ ಕೂರಿಸದೆ ನಾಮಗಳ ಸಾಲಿಗೆ ತಂದ. ಅದಕ್ಕೆ ಕಾರಣ ಕಣ್ಣಿಗೆ ಕಾಣುವಂತಿದೆ: 'ಮಾಡಿದ' ಎಂಬುದರ ಮೇಲೆ ಅವನು, ಅವಳು, ಅದು ಸೇರಿದರೆ ಮಾಡಿದವನು, ಮಾಡಿದವಳು, ಮಾಡಿದ್ದು ಎಂಬ ಪೂರ್ಣ ನಾಮಪದಗಳೇ ಆಗುತ್ತವೆ. ಅವಕ್ಕೆ ವಿಭಕ್ತಿಯೂ ಹತ್ತುತ್ತದೆ. ಕೃದಂತ ತನ್ನ ನಾಮಪದಕ್ಕೆ ಬೆಸೆದುಕೊಂಡರೆ ನಮ್ಮ ವೈಯಾಕರಣರು ಅದನ್ನು ಗಮಕ ಸಮಾಸ ಎಂದರು. ಮಾಡಿದಡುಗೆ, ಉಡುದಾರ, ಸುಡುಗಾಡು ಇದಕ್ಕೆ ಶಾಲೆಯಲ್ಲಿ ಕಲಿತ ಉದಾಹರಣೆಗಳು. ಸುಡುಗಾಡಿನಲ್ಲಿ 'ಸುಡು' ಎಂಬ ಬರಿಯ ಬೇರಷ್ಟೇ ಉಳಿದು ಕಾಲದ ಗುರುತೂ ಬಿದ್ದುಹೋಗಿದೆ. ಹಳಗನ್ನಡದ ಇನ್ನೊಂದು ತುಣುಕು ನಮ್ಮ ದಿನದ ಮಾತಿನಲ್ಲೇ ಇದೆ. 'ವಿಜಯಪುರ ಎಂಬ ಊರು' ಎನ್ನುವಾಗಿನ 'ಎಂಬ', 'ಎನ್' ಧಾತುವಿನ ಹಳೆಯ ಕೃದಂತ. 'ಎನ್ನುವ' ಎಂಬ ಹೊಸ ರೂಪ ಬಂದ ಮೇಲೂ ಅದು ತನ್ನ ಜಾಗ ಬಿಟ್ಟುಕೊಟ್ಟಿಲ್ಲ.

ಇದು ಕೃದಂತವೇ ಎಂದು ತಿಳಿಯುವುದು

ಬರೆದದ್ದನ್ನು ಪರೀಕ್ಷಿಸುವ ಮೊದಲ ಹೆಜ್ಜೆ ಇದೇ, ಏಕೆಂದರೆ ಆಡುಮಾತಿನಲ್ಲಿ 'ಬಂದ' ಎಂದರೆ 'ಬಂದನು' ಎಂದೂ ಹೌದು. 'ಬಂದ ಹುಡುಗ' ಎಂದು ಬರೆದದ್ದನ್ನು ಓದಿದವರು ಯಾವ ಹುಡುಗನೆಂದು ತಿಳಿಯಬೇಕೋ, ಹುಡುಗ ಬಂದನೆಂದು ತಿಳಿಯಬೇಕೋ? ಹುಡುಗನ ಜಾಗದಲ್ಲಿ ಹುಡುಗಿಯನ್ನು ಇಟ್ಟರೆ ಗೊತ್ತಾಗುತ್ತದೆ. ಕೃದಂತವಾದರೆ 'ಬಂದ ಹುಡುಗಿ', 'ಬಂದ ಹುಡುಗರು', 'ಬಂದ ಎಮ್ಮೆ' ಎಂದು ಕ್ರಿಯೆ ಅಲುಗದೆ ನಿಲ್ಲುತ್ತದೆ. ಪೂರ್ಣ ಕ್ರಿಯಾಪದವಾದರೆ ಬಂದಳು, ಬಂದರು, ಬಂತು ಎಂದು ಬದಲಾಗಲೇಬೇಕು. ನೆರೆಯ ಮರಾಠಿಯಲ್ಲಿ ಈ ಪರೀಕ್ಷೆ ನಡೆಯುವುದಿಲ್ಲ. ಅಲ್ಲಿ 'ಆಲೇಲಾ ಮುಲ್ಗಾ', 'ಆಲೇಲೀ ಮುಲ್ಗೀ' ಎಂದು ಕೃದಂತವೇ ಲಿಂಗಕ್ಕೆ ತಕ್ಕಂತೆ ತಿರುಗುತ್ತದೆ. ಕನ್ನಡದ ಕೃದಂತಕ್ಕೆ ಲಿಂಗ, ವಚನ ಹತ್ತುವುದು ಮುಂದಿನ ನಾಮಪದ ಬಿದ್ದುಹೋಗಿ ಅದರ ಭಾರ ತನ್ನ ಮೇಲೆ ಬಂದಾಗ ಮಾತ್ರ. ಬರಹದಲ್ಲಿ ಬಂದವನು, ಬಂದವಳು ಎಂಬುದು ವಿಜಯಪುರದ ಬಾಯಲ್ಲಿ ಬಂದಾಂವ, ಬಂದಾಕಿ ಆಗುತ್ತದೆ; ಬರುವವನು 'ಬರಾಂವ' ಆಗುತ್ತಾನೆ.

ಇದೇ ಸೀಮೆಯಲ್ಲಿ 'ಉವ' ಪ್ರತ್ಯಯ ಸವೆದು 'ಊ' ಆಗಿದೆ. ಮೈಸೂರಿನ ಕಡೆ ಹೋಗೋ, ಮಾಡೋ ಎಂದರೆ ಇಲ್ಲಿ ಹೋಗೂ, ಮಾಡೂ. ಮುಂದಿನ ಸೋಮವಾರ 'ಬರೂ ಸೋಮಾರ', ಕಳೆದದ್ದು 'ಹ್ವಾದ ಸೋಮಾರ'. ಕಿವಿಗೆ ಇದರಿಂದ ಯಾವ ಗೊಂದಲವೂ ಇಲ್ಲ, ಏಕೆಂದರೆ ಕೊನೆಯ ಸ್ವರ ಉದ್ದವಾಗಿಯೇ ಕೇಳುತ್ತದೆ. ತೊಂದರೆ ಕಾಗದದ ಮೇಲೆ. ಮಾತಿನಂತೆಯೇ ಬರೆಯಲು ಹೋಗಿ ದೀರ್ಘ ತಪ್ಪಿದರೆ 'ಮಾಡು ಕೆಲಸ', 'ಕುಡಿಯು ನೀರು' ಎಂದಾಗುತ್ತದೆ. 'ಮಾಡು ಕೆಲಸ' ಎಂಬುದನ್ನು ಓದಿದವರಿಗೆ ಅದು ಅಪ್ಪಣೆಯಾಗಿ ಕೇಳುತ್ತದೆ. ಆಡುಮಾತು ಬರೆಯುವುದಾದರೆ 'ಮಾಡೂ ಕೆಲಸ' ಎಂದು ದೀರ್ಘ ಉಳಿಸಬೇಕು, ಬರಹದ ಕನ್ನಡವಾದರೆ 'ಮಾಡುವ ಕೆಲಸ' ಎನ್ನಬೇಕು. ನಡುವಿನ ದಾರಿ ಇಲ್ಲ.

ಕ್ರಿಯೆಗಳ ಸರಪಳಿಯಲ್ಲಿ ಕೃದಂತ ಯಾವುದು ಎಂಬುದೂ ನೋಡಬೇಕಾದ ಸಂಗತಿ. 'ವಿಜಯಪುರದಲ್ಲಿ ವಕೀಲರಾಗಿದ್ದು, ತಾಡವೋಲೆಗಳನ್ನು ಹುಡುಕಿ, ಓದಿ, 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರತಂದ ಫ.ಗು. ಹಳಕಟ್ಟಿ' ಎಂಬ ಗುಚ್ಛದಲ್ಲಿ ನಾಲ್ಕು ಕ್ರಿಯೆಗಳಿವೆ, ನಾಲ್ಕೂ ಹಳಕಟ್ಟಿಯವರನ್ನೇ ಬಣ್ಣಿಸುತ್ತವೆ. ಆದರೆ ಕೃದಂತ ವಿಶೇಷಣದ ರೂಪ ತಳೆದದ್ದು ಕೊನೆಯ 'ಹೊರತಂದ' ಒಂದೇ. ಮೊದಲ ಮೂರು ಅವ್ಯಯಗಳಾಗಿ ಅದರ ಬೆನ್ನಿಗೆ ಕಟ್ಟಿಕೊಂಡಿವೆ. 'ಹುಡುಕಿದ ಓದಿದ ಹೊರತಂದ' ಎಂದು ಎಲ್ಲಕ್ಕೂ ಬಾಲ ಹಚ್ಚಿದರೆ ಕನ್ನಡದ ಓಟ ಮುಗ್ಗರಿಸುತ್ತದೆ. ಕರ್ತೃ ಒಬ್ಬನೇ ಇದ್ದು ಕೆಲಸಗಳು ಒಂದರ ಹಿಂದೊಂದು ನಡೆದಿದ್ದರೆ ಕೊನೆಯ ಕ್ರಿಯೆಯೊಂದಕ್ಕೇ 'ಅ'ಕಾರ ಸಾಕು.

ನಾಮಪದಕ್ಕೆ ಯಾವ ಪಾತ್ರ?

ಈ ರೂಪದ ತಿರುಳು ಇರುವುದು ಇಲ್ಲಿ. ಕೃದಂತವು ತನ್ನ ಮುಂದಿನ ನಾಮಪದವನ್ನು ಬಣ್ಣಿಸುತ್ತದೆ. ಆದರೆ ಆ ನಾಮಪದ ಆ ಕ್ರಿಯೆಯಲ್ಲಿ ಏನಾಗಿತ್ತು, ಮಾಡಿದ್ದೋ, ಮಾಡಿಸಿಕೊಂಡದ್ದೋ, ನಡೆದ ಜಾಗವೋ ಎಂಬುದನ್ನು ಹೇಳುವ ಯಾವ ಪ್ರತ್ಯಯವೂ ಉಳಿಯುವುದಿಲ್ಲ. ವಾಕ್ಯದಲ್ಲಿದ್ದ 'ಅನ್ನು', 'ಇಂದ', 'ಅಲ್ಲಿ' ಎಲ್ಲವೂ ಕೃದಂತದ ಮುಂದೆ ಬರುವಾಗ ಕಳಚಿ ಬೀಳುತ್ತವೆ.

ಗೋಳಗುಮ್ಮಟ ಒಂದನ್ನೇ ತೆಗೆದುಕೊಂಡು ನೋಡಬಹುದು. 'ಮಹಮ್ಮದ್ ಆದಿಲ್‌ಶಾಹ ಕಟ್ಟಿಸಿದ ಗುಮ್ಮಟ' ಎಂದರೆ ಗುಮ್ಮಟ ಕರ್ಮ. ಅವನು ಗುಮ್ಮಟವನ್ನು ಕಟ್ಟಿಸಿದ. 'ಅವನನ್ನು ಹೂಳಿದ ಗುಮ್ಮಟ' ಎಂದರೆ ಗುಮ್ಮಟ ಸ್ಥಳ. ಅವನನ್ನು ಗುಮ್ಮಟದಲ್ಲಿ ಹೂಳಿದರು. 'ಪಿಸುಮಾತನ್ನೂ ಮರುದನಿಸುವ ಗುಮ್ಮಟ' ಎಂದರೆ ಗುಮ್ಮಟವೇ ಕರ್ತೃ. ಮೂರರಲ್ಲೂ 'ಗುಮ್ಮಟ' ಎಂಬ ಪದ ಒಂದೇ ಅಚ್ಚಿನಲ್ಲಿದೆ. ಓದುವವರು ಪಾತ್ರವನ್ನು ಕ್ರಿಯೆಯ ಅರ್ಥದಿಂದಲೂ ಲೋಕದ ಅರಿವಿನಿಂದಲೂ ತುಂಬಿಕೊಳ್ಳುತ್ತಾರೆ. 'ಗುಮ್ಮಟ ಕಟ್ಟಿಸಿದ ಸುದ್ದಿ' ಎಂಬಲ್ಲಿಯಂತೂ ಸುದ್ದಿಗೆ ಆ ಕ್ರಿಯೆಯಲ್ಲಿ ಯಾವ ಪಾತ್ರವೂ ಇಲ್ಲ. ಸುದ್ದಿಯು ಕಟ್ಟಿಸಲಿಲ್ಲ, ಸುದ್ದಿಯನ್ನು ಕಟ್ಟಿಸಲಿಲ್ಲ. ಆದರೂ ಮಾತು ಸರಿ. ರೊಟ್ಟಿ ಸುಡುವ ವಾಸನೆ, ಬಸ್ಸು ಬರುವ ಹೊತ್ತು, ಗುಂಡು ಹಾರಿದ ಸಪ್ಪಳ ಇವೆಲ್ಲ ಅದೇ ಕಟ್ಟಿನವು. ಬಂದಾಗ, ಬಂದಲ್ಲಿ, ಬಂದಷ್ಟು, ಇಲ್ಲಿನ ಮಾತಿನ 'ಬಂದಮ್ಯಾಲ', 'ಬರೂತನಕ' ಹುಟ್ಟಿರುವುದೂ ಈ ಸಡಿಲಿನಿಂದಲೇ.

ಆದ್ದರಿಂದ ಪರೀಕ್ಷೆಯ ಎರಡನೆಯ ಹೆಜ್ಜೆ: ಗುಚ್ಛವನ್ನು ವಾಕ್ಯಕ್ಕೆ ಮರಳಿಸಿ ನೋಡಬೇಕು. ಮುಂದಿನ ನಾಮಪದವನ್ನು ಎತ್ತಿ ಹಿಂದಕ್ಕೆ ತಂದು, ಬಿದ್ದುಹೋದ ಪ್ರತ್ಯಯವನ್ನು ಮತ್ತೆ ಹಚ್ಚಿ, ಕ್ರಿಯೆಯನ್ನು ಪೂರ್ಣಗೊಳಿಸಬೇಕು. 'ರೊಟ್ಟಿ ಸುಡುವ ಹಂಚು' ಮರಳಿದರೆ 'ಹಂಚಿನ ಮೇಲೆ ರೊಟ್ಟಿ ಸುಡುತ್ತಾರೆ' ಎಂದಾಗುತ್ತದೆ. ಒಂದೇ ವಾಕ್ಯ ಸಿಕ್ಕರೆ ಗುಚ್ಛ ಗಟ್ಟಿ. ಎರಡು ಸಿಕ್ಕರೆ ಎಚ್ಚರಿಕೆ ಬೇಕು.

'ಎತ್ತು ತಂದ ಗಾಡಿ' ಎಂಬುದನ್ನು ಮರಳಿಸಿ ನೋಡೋಣ. 'ಎತ್ತು ಗಾಡಿಯನ್ನು ತಂದಿತು' ಎಂದೂ ಆಗುತ್ತದೆ, 'ಗಾಡಿ ಎತ್ತನ್ನು ತಂದಿತು' ಎಂದೂ ಆಗುತ್ತದೆ. ಮೊದಲನೆಯದು ಹೊಲದ ಚಕ್ಕಡಿ, ಎರಡನೆಯದು ಜಾತ್ರೆಯಿಂದ ದನ ಹೇರಿಕೊಂಡು ಬಂದ ಟೆಂಪೋ. ಈ ಇಬ್ಬಗೆ ಹುಟ್ಟುವುದು ಕನ್ನಡದ ಒಂದು ಅಭ್ಯಾಸದಿಂದ: ಪ್ರಾಣಿ, ವಸ್ತುಗಳ ಹೆಸರು ಕರ್ಮವಾಗಿದ್ದಾಗ 'ಅನ್ನು' ಬಿಟ್ಟು ಮಾತಾಡುತ್ತೇವೆ. 'ನೀರು ತಂದೆ', 'ಎತ್ತು ಕೊಂಡೆ'. ಪೂರ್ಣ ವಾಕ್ಯದಲ್ಲಿ ಕ್ರಿಯಾಪದದ ಬಾಲ ಕರ್ತೃವನ್ನು ತೋರಿಸಿ ಗೊಂದಲ ತಡೆಯುತ್ತದೆ. ಕೃದಂತಕ್ಕೆ ಆ ಬಾಲವೇ ಇಲ್ಲ. ಆದ್ದರಿಂದ ಇಲ್ಲಿ 'ಅನ್ನು' ಕಡ್ಡಾಯವೆಂದೇ ಹಿಡಿಯಬೇಕು: 'ಎತ್ತನ್ನು ತಂದ ಗಾಡಿ'. ಮನುಷ್ಯರ ಹೆಸರಿಗೆ ಈ ತೊಡಕು ಕಡಿಮೆ, ಅವಕ್ಕೆ 'ಅನ್ನು' ಹಚ್ಚುವುದು ಮೊದಲಿನಿಂದಲೂ ರೂಢಿ.

ಕೆಲವು ಪಾತ್ರಗಳು ಕೃದಂತಕ್ಕೆ ಎಟುಕುವುದೇ ಇಲ್ಲ. 'ನಾನು ಗೆಳೆಯನ ಜೊತೆ ಸಂತೆಗೆ ಹೋದೆ' ಎಂಬುದನ್ನು 'ನಾನು ಸಂತೆಗೆ ಹೋದ ಗೆಳೆಯ' ಎಂದು ತಿರುಗಿಸಿದರೆ ಅದು ಕನ್ನಡವೇ ಅಲ್ಲ. 'ಜೊತೆ' ಎಂಬ ಸಂಬಂಧ ಮಾಯವಾದರೆ ಅದನ್ನು ಊಹಿಸಿಕೊಳ್ಳಲು ಕೇಳುಗರಿಗೆ ಯಾವ ಎಳೆಯೂ ಉಳಿಯುವುದಿಲ್ಲ. ಆಗ ದಿಕ್ಕು ಬದಲಿಸಿ ಗೆಳೆಯನನ್ನೇ ಕರ್ತೃ ಮಾಡಬೇಕು: 'ನನ್ನ ಸಂಗಾಟ ಸಂತಿಗೆ ಬಂದ ಗೆಳೆಯ'. ಹೋಲಿಕೆಗೂ ಇದೇ ಕಥೆ. 'ಈ ಗುಮ್ಮಟಕ್ಕಿಂತ ಆ ಗುಮ್ಮಟ ಚಿಕ್ಕದು' ಎಂಬುದರೊಳಗಿನ 'ಈ ಗುಮ್ಮಟ'ವನ್ನು ಕೃದಂತದ ಮುಂದೆ ತಂದು ನಿಲ್ಲಿಸಲು ಬರುವುದಿಲ್ಲ. 'ಯಾವುದಕ್ಕಿಂತ ಆ ಗುಮ್ಮಟ ಚಿಕ್ಕದೋ ಅದು' ಎಂದು ಯಾವ–ಅದು ಜೋಡಿಯ ನೆರವು ಪಡೆಯಬೇಕು.

ಯಾವ ನಾಮಪದಕ್ಕೆ?

ಕೃದಂತ ಸಾಮಾನ್ಯವಾಗಿ ತನ್ನ ಪಕ್ಕದ ನಾಮಪದವನ್ನು ಹಿಡಿಯುತ್ತದೆ. ನಡುವೆ ಷಷ್ಠಿ ವಿಭಕ್ತಿಯ ಪದವೊಂದು ನುಸುಳಿದರೆ ಯಾವುದನ್ನು ಹಿಡಿದಿದೆ ಎಂಬ ಪ್ರಶ್ನೆ ಏಳುತ್ತದೆ. 'ಅಹ್ಮದನಗರದಲ್ಲಿ ಎರಕ ಹೊಯ್ದ ವಿಜಯಪುರದ ತೋಪು' ಎಂದರೆ ಯಾರೂ ತಪ್ಪು ತಿಳಿಯುವುದಿಲ್ಲ. 1549ರಲ್ಲಿ ಎರಕ ಹೊಯ್ದದ್ದು ಮಲಿಕ್-ಎ-ಮೈದಾನ ಎಂಬ ತೋಪನ್ನು. ಊರನ್ನು ಎರಕ ಹೊಯ್ಯಲು ಬರುವುದಿಲ್ಲ. 'ತಿಕೋಟಾದಿಂದ ಬಂದ ರೈತನ ಮಗ' ಹಾಗಲ್ಲ. ಬಂದವನು ರೈತನೂ ಆಗಬಹುದು, ಮಗನೂ ಆಗಬಹುದು. ಮಗನೆಂದು ಹೇಳಬೇಕಿದ್ದರೆ 'ತಿಕೋಟಾದಿಂದ ಬಂದ, ರೈತನ ಮಗ' ಎಂದು ಅಲ್ಪವಿರಾಮ ಹಾಕುವವರಿದ್ದಾರೆ. ಜೋರಾಗಿ ಓದುವಾಗ ಆ ವಿರಾಮ ಉಳಿಯುವುದು ಸಂದೇಹ. 'ರೈತನ ಮಗ, ತಿಕೋಟಾದಿಂದ ಬಂದವನು' ಎಂದು ಕೃದಂತವನ್ನೇ ನಾಮ ಮಾಡಿ ಹಿಂದಕ್ಕೆ ಹಾಕುವುದು ಲೇಸು. ಸಾಲು ಸ್ವಲ್ಪ ಉದ್ದವಾದರೂ ಗೊಂದಲ ಪೂರ್ತಿ ಹೋಗುತ್ತದೆ.

'ಮತ್ತು' ಇನ್ನೊಂದು ಬಲೆ. 'ಮಳೆಗೆ ಕೆಟ್ಟ ದ್ರಾಕ್ಷಿ ಮತ್ತು ದಾಳಿಂಬೆ' ಎಂದರೆ ಕೆಟ್ಟದ್ದು ಎರಡೂ ಹೌದೋ, ದ್ರಾಕ್ಷಿ ಮಾತ್ರವೋ? ಪರಿಹಾರದ ಅರ್ಜಿಯಲ್ಲಿ ಈ ಪ್ರಶ್ನೆಗೆ ಬೆಲೆ ಇದೆ. ಎರಡೂ ಕೆಟ್ಟಿದ್ದರೆ 'ಮಳೆಗೆ ಕೆಟ್ಟ ದ್ರಾಕ್ಷಿ, ಮಳೆಗೆ ಕೆಟ್ಟ ದಾಳಿಂಬೆ' ಎಂದು ಮತ್ತೆ ಹೇಳಲು ನಾಚಬೇಕಿಲ್ಲ. ದ್ರಾಕ್ಷಿಯೊಂದೇ ಕೆಟ್ಟಿದ್ದರೆ ದಾಳಿಂಬೆಯನ್ನು ಮೊದಲಿಗೆ ತಂದರೆ ಸಾಕು.

'ಲಾರದ' ಎಂಬ ಗಡಿ

ಬರಹದ ಕನ್ನಡದಲ್ಲಿ 'ಬರಲಾರದ' ಎಂದರೆ ಬರುವ ಶಕ್ತಿ ಇಲ್ಲದ, ಬರಲು ಆಗದ ಎಂದರ್ಥ. ವಿಜಯಪುರ, ತಿಕೋಟಾ, ಬಬಲೇಶ್ವರದ ಮಾತಿನಲ್ಲಿ, ಉತ್ತರ ಕರ್ನಾಟಕದ ಬಹುಭಾಗದಲ್ಲಿಯೂ, 'ಬರಲಾರ್ದ' ಎಂಬುದು ಬರಿಯ 'ಬಾರದ', 'ಬಾರದೆ' ಎಂಬುದರ ಜಾಗದಲ್ಲಿ ನಿಂತಿದೆ. 'ಹೇಳಲಾರ್ದ ಹ್ವಾದ' ಎಂದರೆ ಹೇಳದೆ ಹೋದ. ಅವನಿಗೆ ಬಾಯಿ ಬಾರದೆ ಹೋಯಿತೆಂದಲ್ಲ. ಈ ಬದಲಾವಣೆಯನ್ನು ತಪ್ಪು ಎನ್ನಲು ನನಗೆ ಮನಸ್ಸಿಲ್ಲ. ಒಂದು ಸೀಮೆಯ ಜನ ತಲೆಮಾರುಗಳಿಂದ ಒಂದೇ ಅರ್ಥದಲ್ಲಿ ಬಳಸುತ್ತ ಬಂದ ರೂಪ ಆ ಸೀಮೆಯ ನಿಯಮವೇ ಸರಿ.

ಆದರೆ ಈ ರೂಪ ಬರಹಕ್ಕೆ ದಾಟಿದಾಗ ಏನಾಗುತ್ತದೆ ಎಂಬುದನ್ನು ಕಾಣಬೇಕು. 'ಫೀ ಕಟ್ಟಲಾರದ ವಿದ್ಯಾರ್ಥಿಗಳ ಪಟ್ಟಿ' ಎಂಬ ತಲೆಬರಹವನ್ನು ಊಹಿಸಿಕೊಳ್ಳಿ. ಇಲ್ಲಿನ ಗುಮಾಸ್ತರು ಇದನ್ನು ಬರೆದದ್ದು 'ಇನ್ನೂ ಫೀ ಕಟ್ಟದ ವಿದ್ಯಾರ್ಥಿಗಳು' ಎಂಬ ಅರ್ಥದಲ್ಲಿ. ಬೆಂಗಳೂರಿನ ಅಧಿಕಾರಿ ಓದುವುದು 'ಫೀ ಕಟ್ಟಲು ಶಕ್ತಿ ಇಲ್ಲದ ವಿದ್ಯಾರ್ಥಿಗಳು' ಎಂದು. ಮೊದಲನೆಯದು ಬಾಕಿಯ ಪಟ್ಟಿ, ಎರಡನೆಯದು ಬಡತನದ ಪಟ್ಟಿ. ಒಂದರಲ್ಲಿ ಹೆಸರಿದ್ದರೆ ನೋಟೀಸು ಬರುತ್ತದೆ, ಇನ್ನೊಂದರಲ್ಲಿದ್ದರೆ ನೆರವು ಸಿಗಬಹುದು. ಇದನ್ನು ಪರೀಕ್ಷಿಸುವ ಬಗೆ ಸುಲಭ: 'ಲಾರದ' ಇದ್ದಲ್ಲೆಲ್ಲ 'ಆಗದ' ಹಾಕಿ ಓದಬೇಕು. 'ಫೀ ಕಟ್ಟಲು ಆಗದ' ಎಂಬುದೇ ಬರೆದವರ ಮನಸ್ಸಿನ ಮಾತಾದರೆ ಹಾಗೆಯೇ ಬರೆಯಲಿ. ಅಲ್ಲವಾದರೆ 'ಕಟ್ಟದ' ಎಂದು ಬರೆಯಲಿ. ಈ ಎರಡರಲ್ಲಿ ಯಾವುದನ್ನು ಬರೆದರೂ ರಾಜ್ಯದ ಯಾವ ಮೂಲೆಯಲ್ಲೂ ಎರಡು ಅರ್ಥ ಬರುವುದಿಲ್ಲ.

ಪತ್ರಿಕೆಗಳಲ್ಲೂ ಭಾಷಣಗಳಲ್ಲೂ ಕೇಳುವ 'ಮಾಡಿದಂತಹ', 'ಬಂದಿರುವಂಥ' ಎಂಬ ಬಾಲವನ್ನೂ ಇಲ್ಲೇ ಹೇಳಿಬಿಡಬೇಕು. 'ಅಂತಹ' ಎಂದರೆ ಆ ಬಗೆಯ ಎಂದರ್ಥ. 'ನಿನ್ನೆ ಬಂದಂತಹ ಸಚಿವರು' ಎಂದಾಗ ನಿನ್ನೆ ಬಂದವರ ಬಗೆಯ ಇನ್ಯಾರೋ ಸಚಿವರು ಎಂದಾಗುತ್ತದೆ, ಹೇಳಬೇಕಿದ್ದದ್ದು ಬಂದವರನ್ನೇ. ಕೃದಂತಕ್ಕೆ ಈ ಊರುಗೋಲು ಬೇಡ.

ನೆರೆಮನೆಯ ಭಾಷೆಯಲ್ಲಿ

ಕೃದಂತ ವಿಶೇಷಣದ ಕಟ್ಟು ಎಷ್ಟು ಬಲವಾದದ್ದು ಎಂದು ತಿಳಿಯಲು ವಿಜಯಪುರದ ಓಣಿಗಳಲ್ಲಿ ಕೇಳುವ ದಖನಿ ಉರ್ದುವಿಗೆ ಕಿವಿಗೊಡಬೇಕು. ಉತ್ತರದ ಉರ್ದು, ಹಿಂದಿಗಳಲ್ಲಿ 'ಜೋ ಆದ್ಮೀ ಕಲ್ ಆಯಾ ಥಾ, ವಹ್' ಎಂದು ಎರಡು ವಾಕ್ಯಗಳನ್ನು ಜೋ–ವಹ್ ಜೋಡಿಯಿಂದ ಹೆಣೆಯುವುದು ರೂಢಿ. ದಖನಿಯಲ್ಲಿ 'ಕಲ್ ಆಯಾ ಸೋ ಆದ್ಮೀ' ಎನ್ನುತ್ತಾರೆ. ನಮ್ಮ 'ನಿನ್ನಿ ಬಂದ ಮನಶ್ಯಾ' ಎಂಬುದರ ಪಕ್ಕಕ್ಕಿಟ್ಟರೆ ಪದಕ್ಕೆ ಪದ ಸರಿಹೊಂದುತ್ತದೆ. ಕಲ್‌ಗೆ ನಿನ್ನಿ, 'ಆಯಾ ಸೋ'ಗೆ ಬಂದ. 'ಮೈ ದಿಯಾ ಸೋ ಕಿತಾಬ್' ಎಂದರೆ 'ನಾ ಕೊಟ್ಟ ಪುಸ್ತಕ'. ಮೊದಲು ಜೋಡಿಯ ಅರ್ಧವಾಗಿದ್ದ 'ಸೋ' ಇಲ್ಲಿ ಕನ್ನಡ, ತೆಲುಗುಗಳ ಕೃದಂತದ 'ಅ'ಕಾರ ಮಾಡುವ ಕೆಲಸವನ್ನು ಮಾಡುತ್ತಿದೆ. ಪದಗಳು ಉರ್ದುವಿನವು, ನಿಲ್ಲುವ ಸಾಲು ನಮ್ಮದು.

ಗಡಿಯಾಚೆಯ ಸಾಂಗ್ಲಿ ಜಿಲ್ಲೆಯ ಕುಪವಾಡದಲ್ಲಿ ಕನ್ನಡ, ಮರಾಠಿ, ಉರ್ದುಗಳನ್ನು ಅಕ್ಕಪಕ್ಕದ ಮನೆಗಳಲ್ಲಿ ಆಡುವುದನ್ನು ಕಂಡು ಜಾನ್ ಗಂಪರ್ಜ್ ಮತ್ತು ರಾಬರ್ಟ್ ವಿಲ್ಸನ್ 1971ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಶಬ್ದಗಳು ಬೇರೆಯಾಗಿಯೇ ಉಳಿದು ವಾಕ್ಯದ ಕಟ್ಟು ಒಂದಾಗುತ್ತ ಬಂದಿರುವುದನ್ನು ಅವರು ತೋರಿಸಿದರು. ವಿಜಯಪುರದಲ್ಲಿ 'ಸೋ' ಹೇಳುವುದೂ ಅದನ್ನೇ.

ಒಂದು ವಾಕ್ಯದ ಪರೀಕ್ಷೆ

ತಿಕೋಟಾ ಭಾಗದಲ್ಲಿ ದ್ರಾಕ್ಷಿಯನ್ನು ಒಣಗಿಸಿ ಮಣೂಕ ಮಾಡುತ್ತಾರೆ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ನೀರಿನಲ್ಲಿ ಅದ್ದಿ, ಶೆಡ್ಡಿನೊಳಗೆ ಸಾಲಾಗಿ ಕಟ್ಟಿದ ಬಲೆಗಳ ಮೇಲೆ ಹರಡಿ, ಸುಮಾರು ಎರಡು ವಾರ ಬಿಡುತ್ತಾರೆ. ಆ ದಿನಗಳಲ್ಲಿ ಮಳೆ ಬಿದ್ದರೆ ಬಣ್ಣ ಕಪ್ಪಿಡುತ್ತದೆ, ಬೆಲೆ ಬೀಳುತ್ತದೆ. ಈ ಒಂದು ಕಸುಬಿಗೇ ಕನ್ನಡ ಎಷ್ಟು ಕೃದಂತಗಳನ್ನು ಒದಗಿಸುತ್ತದೆ ನೋಡಿ. 'ಒಣಗಿದ ದ್ರಾಕ್ಷಿ' ನೀರಿಲ್ಲದೆ ಬಳ್ಳಿಯಲ್ಲೇ ಬಾಡಿದ್ದೂ ಆಗಬಹುದು. 'ಒಣಗಿಸಿದ ದ್ರಾಕ್ಷಿ' ಮನುಷ್ಯನ ಕೈಯಿಂದ ಒಣಗಿದ್ದು. 'ಒಣಗಿಸಿದ' ಎಂಬಲ್ಲಿನ 'ಇಸು' ಬೆಳೆ ನಷ್ಟಕ್ಕೂ ಮಾಲಿನ ತಯಾರಿಗೂ ನಡುವೆ ಗೆರೆ ಎಳೆಯುತ್ತದೆ. 'ಒಣಗುತ್ತಿರುವ ದ್ರಾಕ್ಷಿ' ಇನ್ನೂ ಶೆಡ್ಡಿನಲ್ಲಿದೆ. 'ಒಣಗದ ದ್ರಾಕ್ಷಿ' ಹಸಿಯಾಗಿಯೇ ಉಳಿದದ್ದು. 'ಒಣಗಿಸುವ ದ್ರಾಕ್ಷಿ' ಆ ಕೆಲಸಕ್ಕೆಂದೇ ಬೆಳೆದದ್ದು.

ಈಗ ಅರ್ಜಿಯೊಂದರಲ್ಲಿ ಹೀಗೊಂದು ಸಾಲು ಇದೆ ಎನ್ನೋಣ: 'ಅಕಾಲಿಕ ಮಳೆಗೆ ತೊಯ್ದ ಶೆಡ್ಡಿನಲ್ಲಿ ಒಣಗಿಸಲು ಹಾಕಿದ ರೈತರ ದ್ರಾಕ್ಷಿಗೆ ಪರಿಹಾರ ಕೊಡಬೇಕು.' ಮೇಲಿಂದ ಮೇಲೆ ಓದಿದರೆ ತಪ್ಪೇನೂ ಕಾಣುವುದಿಲ್ಲ. ಎರಡು ಕೃದಂತಗಳಿವೆ, 'ತೊಯ್ದ' ಮತ್ತು 'ಹಾಕಿದ'. ಎರಡಕ್ಕೂ ಪಕ್ಕದ ನಾಮಪದ ಯಾವುದೆಂದು ಬೆರಳಿಟ್ಟು ನೋಡಬೇಕು. 'ತೊಯ್ದ' ಎಂಬುದರ ಪಕ್ಕ ಶೆಡ್ಡು ಇದೆ. ಮರಳಿಸಿದರೆ 'ಶೆಡ್ಡು ಮಳೆಗೆ ತೊಯ್ದಿತು' ಎಂಬ ವಾಕ್ಯ ಸಿಗುತ್ತದೆ. ವಾಕ್ಯ ಸರಿಯಾಗಿದೆ, ಅರ್ಥ ತಪ್ಪಿದೆ. ತೊಯ್ದದ್ದು ದ್ರಾಕ್ಷಿ ಎಂದು ಹೇಳುವುದು ರೈತರ ಉದ್ದೇಶ. ಬರೆದದ್ದು ಮಾತ್ರ, ಮೊದಲೇ ತೊಯ್ದಿದ್ದ ಶೆಡ್ಡಿನಲ್ಲಿ ತಾವೇ ದ್ರಾಕ್ಷಿ ಹಾಕಿದೆವು ಎಂಬಂತಿದೆ. ಪರಿಹಾರ ಕೊಡಬೇಕಾದವರು ಇದನ್ನೇ ಹಿಡಿದು, ತೊಯ್ದ ಶೆಡ್ಡಿನಲ್ಲಿ ಏಕೆ ಹಾಕಿದಿರಿ ಎಂದು ಕೇಳಲು ಜಾಗವಿದೆ. ವ್ಯಾಕರಣದ ನಿಯಮ ಮುರಿಯದೆಯೇ ಕೃದಂತ ಮೋಸ ಮಾಡುವುದು ಹೀಗೆ.

'ಹಾಕಿದ' ಎಂಬುದರ ಪಕ್ಕ 'ರೈತರ' ಇದೆ, ಅದರಾಚೆ ದ್ರಾಕ್ಷಿ ಇದೆ. ಹಾಕಿದವರು ರೈತರು, ಹಾಕಿದ್ದು ದ್ರಾಕ್ಷಿ. ಯಾವುದನ್ನು ಹಿಡಿದರೂ ನಷ್ಟವಿಲ್ಲ. ಆದರೆ ರೈತರು ತಮ್ಮ ಕ್ರಿಯೆಯಿಂದ ದೂರ, ಷಷ್ಠಿಯಲ್ಲಿ ಕುಳಿತಿದ್ದಾರೆ. ಅವರನ್ನು ಎಬ್ಬಿಸಿ ಕರ್ತೃವಿನ ಜಾಗಕ್ಕೆ ತರಬೇಕು. ತೊಯ್ಯುವುದು ಕೊನೆಗೆ ನಡೆದದ್ದರಿಂದ ಅದನ್ನು ದ್ರಾಕ್ಷಿಗೆ ತಾಗಿಸಿ ಇಡಬೇಕು: 'ರೈತರು ಶೆಡ್ಡಿನಲ್ಲಿ ಒಣಗಿಸಲು ಹಾಕಿದ್ದ, ಅಕಾಲಿಕ ಮಳೆಗೆ ತೊಯ್ದ ದ್ರಾಕ್ಷಿಗೆ ಪರಿಹಾರ ಕೊಡಬೇಕು.' 'ಹಾಕಿದ' ಎಂಬುದು 'ಹಾಕಿದ್ದ' ಆದದ್ದರಿಂದ ಹಾಕಿದ್ದು ಮೊದಲು, ಮಳೆ ಆಮೇಲೆ ಎಂಬ ಕ್ರಮವೂ ನಿಂತಿತು. ಎರಡು ಕೃದಂತಗಳು ಒಂದೇ ನಾಮಪದದ ಹೆಗಲೇರಿದಾಗ ಇಷ್ಟು ಭಾರವೂ ಹೆಚ್ಚೆನಿಸಿದರೆ ವಾಕ್ಯ ಒಡೆಯುವುದೇ ಒಳ್ಳೆಯದು: 'ರೈತರು ಶೆಡ್ಡಿನಲ್ಲಿ ಒಣಗಿಸಲು ಹಾಕಿದ್ದ ದ್ರಾಕ್ಷಿ ಅಕಾಲಿಕ ಮಳೆಗೆ ತೊಯ್ದಿದೆ. ಅದಕ್ಕೆ ಪರಿಹಾರ ಕೊಡಬೇಕು.' ಅರ್ಜಿಗೆ ನಾನು ಆರಿಸುವುದು ಈ ಎರಡನೆಯದನ್ನೇ. ಇದರಲ್ಲಿ ತೊಯ್ದದ್ದು ದ್ರಾಕ್ಷಿಯಲ್ಲದೆ ಬೇರೆ ಏನೂ ಆಗಲು ಸಾಧ್ಯವಿಲ್ಲ.